ಪಾಡ್‌ಕಾಸ್ಟ್ ಅಧ್ಯಾಯಗಳು: ವಿವರಣೆಯಲ್ಲಿ ಬರೆಯುವುದೋ, ಎಂಪಿ3 ಒಳಗೆ ಸೇರಿಸುವುದೋ?

ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ಒಂದು ಮಾತುಕತೆ ಇದೆ ಎನ್ನೋಣ. ಟಿಪ್ಪಣಿಯಲ್ಲಿ ‘12:40 ರೋಗದ ಗುರುತು’ ಎಂದಿದೆ. ಎಡಿಟ್ ಆದಮೇಲೆ ಮುಂದೆ 35 ಸೆಕೆಂಡಿನ ಪೀಠಿಕೆ ಸೇರಿದರೆ ಅದು 13:15 ಆಗುತ್ತದೆ. ಆದ್ದರಿಂದ ಯಾವ ದಾರಿ ಹಿಡಿದರೂ ಸಮಯವನ್ನು ಅಂತಿಮ ಫೈಲ್ ಕೇಳಿಯೇ ಗುರುತಿಸಬೇಕು.

```
00:00 ಪರಿಚಯ
13:15 ರೋಗದ ಗುರುತು
31:20 ಸಿಂಪಡಣೆ
```

ಇದನ್ನು ವಿವರಣೆಗೆ ಅಂಟಿಸುವುದೇ ಸುಲಭ. ಖರ್ಚಿಲ್ಲ, ತಪ್ಪಾದರೆ ಒಂದು ನಿಮಿಷದಲ್ಲಿ ತಿದ್ದಬಹುದು. ಯೂಟ್ಯೂಬ್‌ನಲ್ಲಿ ಮಾತ್ರ ಮೊದಲ ಸಾಲು 00:00 ಇರಬೇಕು, ಕನಿಷ್ಠ ಮೂರು ಸಮಯಗಳು ಏರಿಕೆಯ ಕ್ರಮದಲ್ಲಿರಬೇಕು, ಪ್ರತಿ ಅಧ್ಯಾಯ 10 ಸೆಕೆಂಡಾದರೂ ಇರಬೇಕು. ಒಂದು ತಪ್ಪಿದರೂ ಅಧ್ಯಾಯಗಳು ಕಾಣುವುದಿಲ್ಲ.

ಎಂಪಿ3 ಒಳಗೆ ಸೇರಿಸಿದ ಅಧ್ಯಾಯ ಫೈಲ್ ಜೊತೆಗೇ ಹೋಗುತ್ತದೆ, ಡೌನ್‌ಲೋಡ್ ಮಾಡಿದವರಿಗೂ ಸಿಗುತ್ತದೆ. ಅಧ್ಯಾಯಕ್ಕೊಂದು ಚಿತ್ರ, ಕೊಂಡಿಯನ್ನೂ ಇಡಬಹುದು. ಆದರೆ ಎಲ್ಲ ಆ್ಯಪ್‌ಗಳೂ ಅದನ್ನು ತೋರಿಸುವುದಿಲ್ಲ, ಒಂದು ಅಕ್ಷರ ತಿದ್ದಲೂ ಫೈಲನ್ನೇ ಮತ್ತೆ ಏರಿಸಬೇಕು.

ಹೋಸ್ಟಿಂಗ್ ಸೇವೆ ನಡುನಡುವೆ ಜಾಹೀರಾತು ತುರುಕುತ್ತಿದ್ದರೆ ವಿವರಣೆಯ ಸಮಯ ಕೇಳುಗರಿಂದ ಕೇಳುಗರಿಗೆ ಜಾರುತ್ತದೆ. ಒಳಗಿನ ಅಧ್ಯಾಯವನ್ನು ಆ ಸೇವೆ ಸರಿಹೊಂದಿಸುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಅತಿಥಿಯ ಹೆಸರು, ಕೆಲಸ, ಊರು ಎರಡು ಸಾಲಿನಲ್ಲಿ ವಿವರಣೆಯಲ್ಲೇ ಇರಲಿ. ಕೊಂಡಿಗಳು ಕೊನೆಗೆ, ಮಾತಿನಲ್ಲಿ ಬಂದ ಕ್ರಮದಲ್ಲಿ, `https://` ಸಮೇತ.

ಯೂಟ್ಯೂಬ್ ಕೇಳುಗರೇ ಹೆಚ್ಚಿದ್ದರೆ ವಿವರಣೆ ಸಾಕು. ಆಫ್‌ಲೈನ್ ಕೇಳುವವರಿದ್ದು, ಹಳೆಯ ಸಂಚಿಕೆಗಳನ್ನು ನೀವು ಮುಟ್ಟುವುದಿಲ್ಲವೆಂದಾದರೆ ಎಂಪಿ3 ದಾರಿಯ ಶ್ರಮ ಸಾರ್ಥಕ.