ಒಂದು ಪ್ಯಾರಾ ಮಜ್ಜಿಗೆ ಹುಳಿ, ಬಿಡಿಸಿ ಬರೆಯಲು ಮೂರು ದಾರಿ

ಅತ್ತೆಯ ನೋಟ್‌ಬುಕ್‌ನಲ್ಲಿ ಎಲ್ಲ ಅಡುಗೆಯೂ ಒಂದೊಂದು ಪ್ಯಾರಾ. ಪುಣೆಯಲ್ಲಿ ಓದುತ್ತಿರುವ ತಮ್ಮನ ಮಗಳಿಗೆ ಮಜ್ಜಿಗೆ ಹುಳಿ ಬೇಕಿತ್ತು. ಸಾಮಾನಿನ ಪಟ್ಟಿ ಬೇರೆ, ಹಂತಗಳು ಬೇರೆ ಮಾಡಿ ಕಳಿಸೋಣ ಅಂತ ಕೂತೆ. ಅತ್ತೆ ಬರೆದದ್ದು ಹೀಗಿದೆ:

"ಕಾಲು ಕೆ.ಜಿ. ಬೂದುಗುಂಬಳಕಾಯಿ ಸಿಪ್ಪೆ ತೆಗೆದು, ಹೆಚ್ಚಿ, ಚಿಟಿಕೆ ಅರಿಶಿನ, ಉಪ್ಪು ಹಾಕಿ ಬೇಯಿಸಿ. ನೆನೆಸಿದ ಎರಡು ಚಮಚ ಕಡಲೆಬೇಳೆ, ಅರ್ಧ ಬಟ್ಟಲು ತೆಂಗಿನತುರಿ, ನಾಲ್ಕು ಹಸಿಮೆಣಸಿನಕಾಯಿ, ಅರ್ಧ ಚಮಚ ಜೀರಿಗೆ, ಸಣ್ಣ ತುಂಡು ಶುಂಠಿ ರುಬ್ಬಿ ಸೇರಿಸಿ ಕುದಿಸಿ, ಕಡೆದ ಎರಡು ಬಟ್ಟಲು ಹುಳಿ ಮೊಸರು ಹಾಕಿ ಒಂದು ಕುದಿ ಬರುವ ಹೊತ್ತಿಗೆ ಇಳಿಸಿ. ಉಪ್ಪು ನೋಡಿಕೊಂಡು ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಿ."

ಮೊದಲು ಸುಲಭದ ದಾರಿ ಹಿಡಿದೆ. ಲಿಬ್ರೆ ಆಫೀಸ್ ರೈಟರ್‌ನಲ್ಲಿ ಟೈಪ್ ಮಾಡಿ, ಚುಕ್ಕೆಯ ಬೆನ್ನಿಗೇ ಖಾಲಿ ಜಾಗ ಇರುವ ಕಡೆಯೆಲ್ಲ ಹೊಸ ಸಾಲು ಬರುವ ಹಾಗೆ ಬದಲಿಸಿದೆ. ಆಮೇಲೆ F12 ಒತ್ತಿದರೆ ನಂಬರ್ ಬರುತ್ತದೆ. ಎರಡೇ ನಿಮಿಷದ ಕೆಲಸ. ಆದರೆ ಮೊದಲನೇ ಹಂತ ಬರೀ "ಕಾಲು ಕೆ.ಜಿ." ಅಂತ ನಿಂತಿತು. ಅದನ್ನು ಕೈಯಲ್ಲೇ ಸರಿ ಮಾಡಬಹುದು, ದೊಡ್ಡ ತೊಂದರೆ ಬೇರೆ ಇದೆ. ಕನ್ನಡದಲ್ಲಿ ನಾವು "ತೆಗೆದು, ಹೆಚ್ಚಿ, ಹಾಕಿ" ಅಂತ ಕೆಲಸಗಳನ್ನು ಪೋಣಿಸುತ್ತಾ ಹೋಗಿ ಕೊನೆಗೊಂದು ಚುಕ್ಕೆ ಇಡುತ್ತೇವೆ. ಈ ಪ್ಯಾರಾದಲ್ಲಿ ವಾಕ್ಯ ಮೂರು, ಕೆಲಸ 13. ಚುಕ್ಕೆ ನೋಡಿ ಕತ್ತರಿಸಿದರೆ ರುಬ್ಬುವುದರಿಂದ ಇಳಿಸುವವರೆಗೆ ಎಲ್ಲ ಒಂದೇ ಹಂತದಲ್ಲಿ ಉಳಿಯುತ್ತದೆ. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆದ ಅಡುಗೆಗೆ ಮಾತ್ರ ಈ ದಾರಿ ಸಾಕು.

ಎರಡನೇ ಸಲ ಪೆನ್ಸಿಲ್ ಹಿಡಿದು ಸಾಮಾನುಗಳ ಕೆಳಗೆ ಗೆರೆ ಎಳೆದೆ. 11 ಸಾಮಾನು ಸಿಕ್ಕವು. ಪಟ್ಟಿ ಚೆನ್ನಾಗಿಯೇ ಕಾಣುತ್ತಿತ್ತು, ಅದನ್ನೇ ಕಳಿಸಿದೆ. ಸಂಜೆ ಅವಳ ಫೋನ್ ಬಂತು: "ಅತ್ತೆ, ಬೇಳೆ ನೆನೆಸಬೇಕಿತ್ತಾ? ಈಗ ಮಿಕ್ಸಿ ಮುಂದೆ ನಿಂತಿದ್ದೀನಿ." ಪಟ್ಟಿಯಲ್ಲಿ ನಾನು "ಕಡಲೆಬೇಳೆ 2 ಚಮಚ" ಅಂತಷ್ಟೇ ಬರೆದಿದ್ದೆ. "ನೆನೆಸಿದ" ಅನ್ನುವುದು ಸಾಮಾನಿನ ವರ್ಣನೆ ಥರ ಕಂಡಿತ್ತು, ಬಿಟ್ಟುಬಿಟ್ಟಿದ್ದೆ. ನಿಜಕ್ಕೂ ಅದು ಅರ್ಧ ಗಂಟೆ ಮುಂಚೆ ಶುರುವಾಗಬೇಕಾದ ಕೆಲಸ. ಎಣ್ಣೆಯೂ ಪಟ್ಟಿಗೆ ಬಂದಿರಲಿಲ್ಲ. ಪ್ಯಾರಾದಲ್ಲಿ ಆ ಪದವೇ ಇಲ್ಲ, "ಒಗ್ಗರಣೆ" ಒಳಗೇ ಅಡಗಿದೆ. ನೀರೂ ಹಾಗೆಯೇ.

ಮೂರನೇ ಸಲ ಸಾಮಾನು ಬಿಟ್ಟು ಕ್ರಿಯಾಪದಗಳಿಗೆ ಸುತ್ತು ಹಾಕಿದೆ. "ನೆನೆಸಿದ", "ಕಡೆದ" ಥರದವನ್ನೂ ಬಿಡಲಿಲ್ಲ. ಪ್ರತಿ ಸುತ್ತಿನ ಹತ್ತಿರ ಒಂದು ಪ್ರಶ್ನೆ: ಏನನ್ನು, ಯಾವುದರಲ್ಲಿ? ಬೇಯಿಸುವುದು ಯಾವುದರಲ್ಲಿ? ನೀರಿನಲ್ಲಿ. ಒಗ್ಗರಣೆ ಯಾವುದರಲ್ಲಿ? ಎಣ್ಣೆಯಲ್ಲಿ. ಉಪ್ಪು ಎರಡು ಕಡೆ ಬರುತ್ತದೆ ಅನ್ನುವುದೂ ಇಲ್ಲೇ ಗೊತ್ತಾಯಿತು. ಪಟ್ಟಿಯನ್ನು ಕೊನೆಗೆ ಹಂತಗಳಿಂದ ಇಳಿಸಿಕೊಂಡೆ. ಹಾಗಾಗಿ ಸಾಮಾನುಗಳು ಬಳಸುವ ಕ್ರಮದಲ್ಲೇ ಕೂತವು.

ಒಂದು ಕಡೆ ಮಾತ್ರ ಬೇಕೆಂದೇ ಬಿಡಿಸಲಿಲ್ಲ. ಮೊಸರು ಹಾಕುವುದು ಒಂದು ಹಂತ, ಇಳಿಸುವುದು ಇನ್ನೊಂದು ಹಂತ ಆದರೆ, ಓದುವವರು ಮೊಸರು ಹಾಕಿ ಮುಂದಿನ ನಂಬರ್ ಹುಡುಕುತ್ತಾರೆ. ಅಷ್ಟರಲ್ಲಿ ಜೋರಾಗಿ ಕುದಿದು ಮೊಸರು ಒಡೆಯಬಹುದು. ಮಧ್ಯೆ ಕಣ್ಣು ತೆಗೆಯಬಾರದ ಕೆಲಸಗಳು ಒಂದೇ ನಂಬರ್‌ನಲ್ಲಿ ಇರಬೇಕು.

ಕೊನೆಗೆ ಕಳಿಸಿದ್ದು ಇದು:

ಸಾಮಾನು: ಕಡಲೆಬೇಳೆ 2 ಚಮಚ, ಬೂದುಗುಂಬಳಕಾಯಿ ಕಾಲು ಕೆ.ಜಿ., ಅರಿಶಿನ ಚಿಟಿಕೆ, ಉಪ್ಪು (ಎರಡು ಸಲಕ್ಕೆ), ನೀರು, ತೆಂಗಿನತುರಿ ಅರ್ಧ ಬಟ್ಟಲು, ಹಸಿಮೆಣಸಿನಕಾಯಿ 4, ಜೀರಿಗೆ ಅರ್ಧ ಚಮಚ, ಶುಂಠಿ ಸಣ್ಣ ತುಂಡು, ಹುಳಿ ಮೊಸರು 2 ಬಟ್ಟಲು. ಒಗ್ಗರಣೆಗೆ ಎಣ್ಣೆ, ಸಾಸಿವೆ, ಕರಿಬೇವು.

1. ಬೇಳೆಯನ್ನು ಅರ್ಧ ಗಂಟೆ ನೆನೆಸಿ.
2. ಕಾಯಿಯ ಸಿಪ್ಪೆ ತೆಗೆದು ಹೆಚ್ಚಿ.
3. ಹೋಳು ಮುಳುಗುವಷ್ಟು ನೀರು, ಅರಿಶಿನ, ಸ್ವಲ್ಪ ಉಪ್ಪು ಹಾಕಿ ಬೇಯಿಸಿ.
4. ಬೇಳೆ, ತೆಂಗಿನತುರಿ, ಮೆಣಸಿನಕಾಯಿ, ಜೀರಿಗೆ, ಶುಂಠಿ ನುಣ್ಣಗೆ ರುಬ್ಬಿ. ಮೊಸರು ಕಡೆದಿಟ್ಟುಕೊಳ್ಳಿ.
5. ರುಬ್ಬಿದ್ದನ್ನು ಬೆಂದ ಹೋಳಿನ ಜೊತೆ ಸೇರಿಸಿ ಕುದಿಸಿ.
6. ಉರಿ ಸಣ್ಣ ಮಾಡಿ ಮೊಸರು ಹಾಕಿ, ಪಕ್ಕದಲ್ಲೇ ನಿಂತು, ಒಂದು ಕುದಿ ಬರುವ ಹೊತ್ತಿಗೆ ಇಳಿಸಿ.
7. ಉಪ್ಪು ನೋಡಿ, ಬೇಕಿದ್ದರೆ ಹಾಕಿ, ಒಗ್ಗರಣೆ ಕೊಡಿ.

ಇದಕ್ಕೆ 20 ನಿಮಿಷ ಹಿಡಿಯಿತು. ಎರಡನೇ ದಾರಿಯನ್ನು ಪೂರ್ತಿ ಬಿಟ್ಟಿಲ್ಲ. ಎಲ್ಲ ಮುಗಿದ ಮೇಲೆ ಮೂಲ ಪ್ಯಾರಾದ ಸಾಮಾನುಗಳಿಗೆ ಗೆರೆ ಎಳೆದು, ಪಟ್ಟಿಯಲ್ಲಿ ಏನಾದರೂ ಬಿಟ್ಟುಹೋಗಿದೆಯಾ ಅಂತ ನೋಡಲು ಅದೇ ಒಳ್ಳೆಯದು. ಅತ್ತೆಯ ಬಿಸಿಬೇಳೆಬಾತ್ ಪ್ಯಾರಾಕ್ಕೂ ಹೀಗೇ ಮಾಡುತ್ತಿದ್ದೇನೆ. ಅದರಲ್ಲಿ "ಹುರಿದ" ಅನ್ನುವ ಪದವೇ ನಾಲ್ಕು ಕಡೆ ಇದೆ.