ಬೆಳೆಯದೆ ನಿಂತ ಇನ್‌ಸ್ಟಾಗ್ರಾಮ್ ಖಾತೆ: ಲೈಕಿನಿಂದ ಅಳೆಯುವುದೋ, ಹಂಚಿಕೆಯಿಂದಲೋ?

ತುಮಕೂರಿನ ಗಾಣದ ಎಣ್ಣೆ ಅಂಗಡಿಯೊಂದರ ಎರಡು ವರ್ಷದ ಖಾತೆ ಬೆಳೆಯದೆ ನಿಂತಿದೆ ಎಂದುಕೊಳ್ಳೋಣ. ಅದರ ಹಬ್ಬದ ಶುಭಾಶಯಗಳು ತಲಾ ಸುಮಾರು 400 ಖಾತೆಗಳನ್ನು ತಲುಪಿ 60 ಲೈಕು ಗಳಿಸುತ್ತವೆ. ದರಪಟ್ಟಿಗಳು 150 ಖಾತೆಗಳನ್ನಷ್ಟೇ ತಲುಪಿ 15 ಲೈಕಿಗೆ ನಿಲ್ಲುತ್ತವೆ. ಲೈಕನ್ನೇ ನಂಬಿದರೆ ದರಪಟ್ಟಿಯನ್ನು ಕೈಬಿಡಬೇಕಾಗುತ್ತದೆ.

ಆದರೆ ಪ್ರತಿ ಪೋಸ್ಟಿನ ಅಂಕಿಅಂಶ ತೆರೆದು, ಹಂಚಿಕೆ ಮತ್ತು ಸೇವ್‌ಗಳನ್ನು ಕೂಡಿಸಿ, ತಲುಪಿದ ಖಾತೆಗಳ ಸಂಖ್ಯೆಯಿಂದ ಭಾಗಿಸಿದಾಗ ಚಿತ್ರ ತಿರುವುಮುರುವಾಗುತ್ತದೆ: ಶುಭಾಶಯಕ್ಕೆ 2, ಅಂದರೆ ಶೇ 0.5, ದರಪಟ್ಟಿಗೆ 9, ಅಂದರೆ ಶೇ 6. ಶುಭಾಶಯಕ್ಕೆ ಲೈಕು ಒತ್ತುವವರಲ್ಲಿ ಬಂಧುಗಳೇ ಹೆಚ್ಚು. ದರಪಟ್ಟಿಯನ್ನು ಮನೆಯವರಿಗೆ ಕಳಿಸುವವರು ಕೊಳ್ಳುವ ಯೋಚನೆಯಲ್ಲಿರುತ್ತಾರೆ. ಆದ್ದರಿಂದ ನಾನು ಎರಡನೆಯ ಅಳತೆಯನ್ನೇ ಆರಿಸುತ್ತೇನೆ: ಶುಭಾಶಯ ನಿಲ್ಲಲಿ, ದರಪಟ್ಟಿ ಉಳಿಯಲಿ.

ಗಾಣದ ರೀಲ್‌ಗಳ ಅನುಪಾತ ಚೆನ್ನಾಗಿದ್ದೂ ನೋಡುಗರು ಮೊದಲ ಮೂರು ಸೆಕೆಂಡಿನಲ್ಲೇ ಜಾರಿಕೊಳ್ಳುತ್ತಿದ್ದರೆ ಬದಲಿಸಬೇಕಾದದ್ದು ವಿಷಯವನ್ನಲ್ಲ, ಆರಂಭವನ್ನು. ಅಂಗಡಿಯ ಹೆಸರಿನ ಬದಲು ಎಣ್ಣೆ ಇಳಿಯುವ ದೃಶ್ಯವನ್ನೇ ಮೊದಲಿಗಿಡಬೇಕು. ಒಂದು ಎಚ್ಚರಿಕೆ: ಆಕಸ್ಮಿಕವಾಗಿ ಹರಡಿದ ಒಂದೇ ರೀಲ್ ಸರಾಸರಿಯನ್ನು ಉಬ್ಬಿಸುತ್ತದೆ, ಆದ್ದರಿಂದ ಪ್ರತಿ ಬಗೆಯಲ್ಲೂ ಹತ್ತು ಪೋಸ್ಟುಗಳನ್ನಾದರೂ ಏರಿಕೆಯ ಕ್ರಮದಲ್ಲಿಟ್ಟು ನಡುವಿನ ಅಂಕಿಯನ್ನು ಹೋಲಿಸಬೇಕು.