ಫೋನ್ ಆಪಾ, ಕ್ಲಿಪ್ ಟ್ಯೂನರಾ? ಆಮೇಲೆ ಕಿವಿಯ ಪರೀಕ್ಷೆ

ಗಿಟಾರ್ ತಗೊಂಡ ಹೊಸತರಲ್ಲಿ ಎಲ್ಲರೂ ಕೇಳೋ ಪ್ರಶ್ನೆ ಇದು. ಶ್ರುತಿ ಹೊಂದಿಸೋ ಆಪ್ ಫೋನಿನಲ್ಲೇ ಫ್ರೀ ಇರುವಾಗ ಕೆಲವು ನೂರು ರೂಪಾಯಿ ಕೊಟ್ಟು ಕ್ಲಿಪ್ ಟ್ಯೂನರ್ ಯಾಕೆ ತಗೋಬೇಕು? ಎರಡನ್ನೂ ಒಂದೇ ಗಿಟಾರ್ ಮೇಲೆ, ಮೈಸೂರಿನ ಕುವೆಂಪುನಗರದ ಒಂದೇ ರೂಮಿನಲ್ಲಿ ಹಾಕಿ ನೋಡಿದ್ದೇನೆ. ಅದನ್ನೇ ಹೇಳುತ್ತೇನೆ.

ಮೊದಲು ಒಂದು ಮಾತು. ಫ್ಯಾನ್ ಆಫ್ ಮಾಡಿ, ಬಾಗಿಲು ಹಾಕಿ, ಫೋನನ್ನು ಗಿಟಾರಿನ ಹತ್ತಿರ ಇಟ್ಟುಕೊಂಡರೆ ನಿಖರತೆಯಲ್ಲಿ ವ್ಯತ್ಯಾಸವೇ ಇಲ್ಲ. ಗಿಟಾರ್‌ಟ್ಯೂನಾ, ಫೆಂಡರ್ ಟ್ಯೂನ್ ಅನ್ನೋ ಎರಡು ಆಪ್, ಜೊತೆಗೆ ಕ್ಲಿಪ್, ಮೂರೂ ಒಂದೇ ತಂತಿಗೆ ಒಂದೇ ಉತ್ತರ ಕೊಟ್ಟವು. ಹಾಗಾಗಿ "ಆಪ್ ಅಷ್ಟು ಕರಾರುವಾಕ್ಕಾಗಿರಲ್ಲ" ಅನ್ನೋ ಅಂಗಡಿ ಮಾತನ್ನು ನಂಬಬೇಡಿ. ತೊಂದರೆ ಶುರುವಾಗೋದು ಗದ್ದಲದಲ್ಲಿ. ಆಪ್ ಕೇಳೋದು ಮೈಕಿನಿಂದ. ಕ್ಲಿಪ್ ಒಳಗೆ ಮೈಕಿನ ಬದಲು ನಡುಕ ಹಿಡಿಯುವ ಸೆನ್ಸರ್ ಇರುತ್ತದೆ, ಗಿಟಾರಿನ ತಲೆಗೆ ಕಚ್ಚಿಸಿದರೆ ಮರದ ನಡುಕವನ್ನೇ ಓದುತ್ತದೆ. ಪಕ್ಕದ ಅಡುಗೆಮನೆಯಲ್ಲಿ ಚಟ್ನಿಗೆ ಮಿಕ್ಸಿ ಹಾಕಿದ ಕೂಡಲೇ ಆಪಿನ ಮುಳ್ಳು ಅತ್ತಿಂದಿತ್ತ ಹಾರೋಕೆ ಶುರು ಮಾಡುತ್ತೆ, ಕ್ಲಿಪ್ ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಹಸಿರು ತೋರಿಸುತ್ತಲೇ ಇರುತ್ತೆ. ದಸರಾ ಸಮಯದಲ್ಲಿ ಮಾನಸ ಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತಲ್ಲ, ಅಂಥ ಕಡೆ ವೇದಿಕೆ ಹಿಂದೆ ನಿಂತು ಆಪ್ ತೆಗೆಯೋದು ಸುಮ್ನೆ ಟೈಮ್ ವೇಸ್ಟ್.

ಆಪಿಗೆ ಇನ್ನೊಂದು ತೊಡಕು ದಪ್ಪ ತಂತಿ, ಅಂದರೆ ಕೆಳಸ್ಥಾಯಿಯ ಇ. ಅದರ ಮೂಲ ಕಂಪನ ಸುಮಾರು 82 ಹರ್ಟ್ಸ್. ಫೋನಿನ ಚಿಕ್ಕ ಮೈಕಿಗೆ ಇಷ್ಟು ತಗ್ಗಿನ ಧ್ವನಿ ಸರಿಯಾಗಿ ಸಿಗೋದಿಲ್ಲ, ಅದರ ಮೇಲಿನ ಉಪಸ್ವರಗಳು ಜಾಸ್ತಿ ಸಿಗುತ್ತವೆ. ಮೂಲದ ಮೂರರಷ್ಟು ಕಂಪನದ ಉಪಸ್ವರ ಬಿ. ಹಾಗಾಗಿ ಇ ಮೀಟಿದರೆ ಕೆಲವೊಮ್ಮೆ ಪರದೆ ಮೇಲೆ ಬಿ ಬರುತ್ತೆ, ಗಾಬರಿಯಾಗಬೇಡಿ, ಕೀ ತಿರುಗಿಸಲೂ ಬೇಡಿ. ಪ್ಲೆಕ್ಟ್ರಮ್ ಬಿಟ್ಟು, ಹೆಬ್ಬೆರಳಿನ ಮಾಂಸಲ ಭಾಗದಿಂದ, ಹನ್ನೆರಡನೇ ಫ್ರೆಟ್ಟಿನ ಮೇಲೆ ಮೆಲ್ಲಗೆ ಮೀಟಿ. ತಂತಿಯ ಸರಿಮಧ್ಯ ಅದು, ಅಲ್ಲಿ ಮೂಲ ಸ್ವರ ಗಟ್ಟಿಯಾಗಿ ಬರುತ್ತೆ, ಮುಳ್ಳು ನಿಲ್ಲುತ್ತೆ. ಜೋರಾಗಿ ಮೀಟಿದರೆ ಮೊದಲ ಕ್ಷಣ ಸ್ವರ ಸ್ವಲ್ಪ ಮೇಲಿರುತ್ತೆ, ಅದು ಇಳಿದು ಕೂತ ಮೇಲಿನ ಓದನ್ನೇ ತಗೋಬೇಕು.

ಕ್ಲಿಪ್ಪಿಗೂ ಅದರದೇ ಕಾಟ ಇದೆ. ಬೇರೆ ತಂತಿಗಳು ಗುನುಗುತ್ತಿದ್ದರೆ ಆ ನಡುಕವನ್ನೂ ಓದುತ್ತೆ, ಹಾಗಾಗಿ ಉಳಿದ ಐದನ್ನು ಅಂಗೈಯಿಂದ ಒತ್ತಿ ಹಿಡಿಯಬೇಕು. ಬ್ಯಾಟರಿ ಸರಿಯಾದ ಹೊತ್ತಿಗೇ ಕೈ ಕೊಡುತ್ತೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ: ಅದರ ಮೇಲಿರೋ ಬಟನ್ ಬ್ಯಾಗಿನಲ್ಲಿ ಒತ್ತಿಹೋದರೆ ಎ ಸ್ವರದ ಅಳತೆ 440 ಹರ್ಟ್ಸ್ ಇರಬೇಕಾದ್ದು 435 ಆಗಿ ಕೂತಿರುತ್ತೆ. ಆಗ ಆರೂ ತಂತಿ ಒಂದಕ್ಕೊಂದು ಸರಿಯಾಗೇ ಹೊಂದುತ್ತವೆ, ಒಬ್ಬರೇ ನುಡಿಸಿದರೆ ಏನೂ ಅನ್ನಿಸಲ್ಲ. ಕೀಬೋರ್ಡಿನ ಜೊತೆ ಕೂತಾಗ ಗೊತ್ತಾಗುತ್ತೆ, ಗಿಟಾರ್ ಪೂರ್ತಿ ಸುಮಾರು 20 ಸೆಂಟ್ ಇಳಿದಿದೆ ಅಂತ. ಸೆಂಟ್ ಅಂದರೆ ಪಕ್ಕಪಕ್ಕದ ಎರಡು ಫ್ರೆಟ್ಟಿನ ನಡುವಿನ ಅಂತರದಲ್ಲಿ ನೂರನೇ ಒಂದು ಪಾಲು.

ಗಿಟಾರಿನ ವೈರ್ ಸಿಕ್ಕಿಸಿ ನೆಲದ ಮೇಲಿಡೋ ಪೆಡಲ್ ಟ್ಯೂನರ್ ಬಗ್ಗೆ ಜಾಸ್ತಿ ಹೇಳಲ್ಲ. ಪಿಕಪ್ ಇರೋ ಗಿಟಾರ್ ಇದ್ದು, ವೇದಿಕೆ ಹತ್ತುವವರಾದರೆ ಅದೇ ಚೆನ್ನ. ಮನೆಯಲ್ಲಿ ನುಡಿಸುವವರಿಗೆ ಬೇಡ. ನನ್ನನ್ನು ಕೇಳಿದರೆ ಕ್ಲಿಪ್ ತಗೊಳ್ಳಿ, ಆಪನ್ನೂ ಫೋನಿನಲ್ಲಿ ಇಟ್ಕೊಳ್ಳಿ.

ಈಗ ಕಿವಿಗೆ ಬರೋಣ. ಮುಳ್ಳು ಹಸಿರಿಗೆ ಬಂದ ಮೇಲೂ ಕಿವಿಯಿಂದ ನೋಡಬೇಕು, ಯಾಕಂದರೆ ಆರನೇ ತಂತಿ ಬಿಗಿಯುವ ಹೊತ್ತಿಗೆ ಮೊದಲನೆಯದು ಚೂರು ಸಡಿಲಾಗಿರುತ್ತೆ. ಹೊಸ ತಂತಿ ಆದರಂತೂ ಖಂಡಿತ. ಇಲ್ಲಿ ತುಂಬಾ ಜನ ಬಳಸೋದು ಹಾರ್ಮೋನಿಕ್ ದಾರಿ: ದಪ್ಪ ಇ ತಂತಿಯ ಐದನೇ ಫ್ರೆಟ್ ಮೇಲೆ ಬೆರಳು ಸೋಕಿಸಿ ಮೀಟಿ, ಎ ತಂತಿಯ ಏಳನೇ ಫ್ರೆಟ್ ಮೇಲೂ ಹಾಗೇ ಮೀಟಿ, ಎರಡೂ ಒಟ್ಟಿಗೆ ಮೊಳಗುವಾಗ "ವ್ವಾ... ವ್ವಾ..." ಅಂತ ಏರಿಳಿಯುವ ಅಲೆ ನಿಲ್ಲುವವರೆಗೂ ಕೀ ತಿರುಗಿಸು ಅಂತ ಹೇಳಿಕೊಡುತ್ತಾರೆ. ಕೇಳೋಕೆ ಸಖತ್ತಾಗಿರುತ್ತೆ, ಆದರೆ ಅಲೆ ಪೂರ್ತಿ ನಿಲ್ಲಬಾರದು.

ಲೆಕ್ಕ ನೋಡಿ. ಇ ಕಡೆಯಿಂದ ಬರೋದು 82.407ರ ನಾಲ್ಕರಷ್ಟು, ಅಂದರೆ 329.63. ಎ ಕಡೆಯಿಂದ 110ರ ಮೂರರಷ್ಟು, 330. ಎರಡೂ ತಂತಿ ಸರಿಯಾಗಿರುವಾಗಲೇ ನಡುವೆ 0.37 ವ್ಯತ್ಯಾಸ ಇರುತ್ತೆ, ಹೆಚ್ಚುಕಡಿಮೆ ಎರಡೂವರೆ ಮೂರು ಸೆಕೆಂಡಿಗೆ ಒಂದು ಅಲೆ. ಅದನ್ನೂ ನಿಲ್ಲಿಸಿದರೆ ಎ 2 ಸೆಂಟ್ ಇಳಿಯುತ್ತೆ. ಅದರಿಂದ ಡಿ ಮಾಡಿದರೆ 4, ಅದರಿಂದ ಜಿ ಮಾಡಿದರೆ 6. ಬಿ ತಂತಿಯನ್ನು ದಪ್ಪ ಇ ತಂತಿಯ ಏಳನೇ ಫ್ರೆಟ್ ಹಾರ್ಮೋನಿಕ್‌ಗೆ ಹೊಂದಿಸುತ್ತಾರಲ್ಲ, ಅದು 2 ಸೆಂಟ್ ಮೇಲೆ ಹೋಗುತ್ತೆ. ಕೊನೆಗೆ ಜಿ ಮತ್ತು ಬಿ ನಡುವೆ 8 ಸೆಂಟ್ ಜಾಸ್ತಿ ಅಂತರ. ಜಿ ಕಾರ್ಡ್ ಬಾರಿಸಿದಾಗ ಮಧ್ಯದಲ್ಲಿ ಏನೋ ಕಿರಿಕಿರಿ ಅನ್ನಿಸೋದು ಇದೇ. ತಪ್ಪು ಕಿವಿಯದಲ್ಲ. ಹಾರ್ಮೋನಿಕ್ ಕೊಡೋದು ಶುದ್ಧ ಪಂಚಮ, ಗಿಟಾರಿನ ಫ್ರೆಟ್‌ಗಳು ಕೂತಿರೋದು ಹನ್ನೆರಡು ಸಮಪಾಲಿನ ಲೆಕ್ಕದಲ್ಲಿ.

ಹಾಗಾಗಿ ಒಂದೇ ಸ್ವರದ ಸ್ಥಾಯಿಗಳನ್ನು ಹೋಲಿಸೋದು ವಾಸಿ, ಅಲ್ಲಿ ಈ ಜಗಳ ಇಲ್ಲ. ದಪ್ಪ ಇ ತಂತಿಯನ್ನು ಎಲ್ಲೂ ಒತ್ತದೆ ಬಿಡಿಯಾಗಿ ಮೀಟಿ, ಡಿ ತಂತಿಯ ಎರಡನೇ ಫ್ರೆಟ್ ಒತ್ತಿ ಕೇಳಿ, ಅದೂ ಇ. ಬಿಡಿ ಎ ಜೊತೆ ಜಿ ತಂತಿಯ ಎರಡನೇ ಫ್ರೆಟ್. ಬಿಡಿ ಡಿ ಜೊತೆ ಬಿ ತಂತಿಯ ಮೂರನೆಯದು. ಬಿಡಿ ಜಿ ಜೊತೆ ತೆಳು ಇ ತಂತಿಯ ಮೂರನೆಯದು. ಕೊನೆಗೆ ಎರಡೂ ಇ ತಂತಿ ಒಟ್ಟಿಗೆ. ಇಲ್ಲೆಲ್ಲ ಅಲೆ ಪೂರ್ತಿ ನಿಲ್ಲಬೇಕು. ಫ್ರೆಟ್ ಜಾಸ್ತಿ ಒತ್ತಬೇಡಿ, ಒತ್ತಿದಷ್ಟೂ ಸ್ವರ ಏರುತ್ತೆ. ತಂತಿ ಮೇಲಿದ್ದರೆ ಸುಮ್ನೆ ಇಳಿಸಿ ಬಿಡಬೇಡಿ, ಬೇಕಾದ್ದಕ್ಕಿಂತ ಕೆಳಗೆ ಇಳಿಸಿ ಮತ್ತೆ ಏರಿಸಿ ನಿಲ್ಲಿಸಿ. ಇಲ್ಲಾಂದರೆ ಕೀ ಒಳಗಿನ ಹಲ್ಲುಗಳಲ್ಲಿ ಉಳಿದ ಸಡಿಲ ನಾಲ್ಕು ಬಾರಿ ಮೀಟುವಷ್ಟರಲ್ಲಿ ಶ್ರುತಿ ಇಳಿಸುತ್ತೆ.

ಮೈಸೂರಿನಲ್ಲಿ ಇರುವವರಿಗೆ ಇನ್ನೊಂದು ಸಂದರ್ಭ ಬಂದೇ ಬರುತ್ತೆ: ವೀಣೆ ನುಡಿಸುವವರ ಜೊತೆ ಕೂರೋದು. ನಮ್ಮ ಮಹಡಿ ಮನೆ ಮೇಷ್ಟ್ರು "ನಿನ್ನ ಮೆಷಿನ್ನಿಗೆ ನಾನ್ಯಾಕೆ ಬಿರಡೆ ತಿರುಗಿಸಲಿ?" ಅಂದರು. ಸರಿ ಸಾರ್ ಅಂತ ಅವರ ಸಾರಣಿ ತಂತಿಯ ಷಡ್ಜಕ್ಕೆ ಆಪ್ ಹಿಡಿದೆ. ಡಿ ತೋರಿಸಿತು, 20 ಸೆಂಟ್ ಕೆಳಗೆ. ಕ್ಲಿಪ್ಪಿನಲ್ಲಿ 440 ಅನ್ನು 435 ಮಾಡಿ, ಅದಕ್ಕೆ ಆರೂ ತಂತಿ ಹೊಂದಿಸಿದೆ. ನನ್ನ ಬಿಡಿ ಡಿ ಅವರ ಷಡ್ಜಕ್ಕೆ ಕೂತಿತು. ವಾಪಸ್ ಬಂದ ಮೇಲೆ 440ಕ್ಕೆ ತಿರುಗಿಸಿ ಇಡೋದನ್ನು ಮರೆಯಬೇಡಿ.